24 ಪುಟದ ಪಾಠವನ್ನು 3 ಪುಟಕ್ಕೆ ಇಳಿಸುವುದು ಹೇಗೆ?

ಒಂದು ಸಂಜೆ ನನ್ನ ತಂಗಿ ಭೌತಶಾಸ್ತ್ರದ ಪುಸ್ತಕ ತಂದು ನನ್ನ ಮುಂದೆ ಇಟ್ಟಳು. ವಿದ್ಯುತ್ತಿನ ಪಾಠ, 24 ಪುಟ. ಅರ್ಧಕ್ಕಿಂತ ಜಾಸ್ತಿ ಸಾಲುಗಳಿಗೆ ಹಳದಿ ಬಣ್ಣ ಬಳಿದಿದ್ದಳು. ಪಕ್ಕದಲ್ಲಿ ನೋಟ್‌ಬುಕ್, ಅದರಲ್ಲಿ 15 ಪುಟ ನೋಟ್ಸ್. "ಅಕ್ಕಾ, ಎಲ್ಲಾ ಬರೆದುಕೊಂಡಿದೀನಿ. ಆದ್ರೂ ಓದೋಕೆ ಕೂತರೆ ಏನೂ ತಲೆಗೆ ಹತ್ತಲ್ಲ" ಅಂದಳು.

ನೋಟ್ಸ್ ತಿರುವಿ ನೋಡಿದೆ. ಅಕ್ಷರ ಮುದ್ದಾಗಿತ್ತು. ಆದರೆ ಒಳಗಿದ್ದದ್ದು ಪುಸ್ತಕದ್ದೇ ವಾಕ್ಯಗಳು, ಪುಸ್ತಕದ್ದೇ ಕ್ರಮದಲ್ಲಿ. "ವಿಭವಾಂತರ ಅಂದ್ರೇನು?" ಅಂತ ಕೇಳಿದೆ. "ಏಕಮಾನ ಆವೇಶವನ್ನು ಸಾಗಿಸಲು..." ಅಂತ ಶುರು ಮಾಡಿ ನಿಂತಳು. "ಆವೇಶ ಅಂದ್ಯಲ್ಲ, ಅದನ್ನ ಎಲ್ಲಿ ಬರ್ದಿದೀಯ?" 15 ಪುಟದಲ್ಲಿ ಎಲ್ಲೂ ಇರಲಿಲ್ಲ. ಪಾಠದ ಮೊದಲ ಪ್ಯಾರಾದಲ್ಲಿ ಅದು ಬರುತ್ತದೆ. ಸುಲಭ ಅನಿಸಿ ಅವಳು ದಾಟಿಕೊಂಡು ಹೋಗಿದ್ದಳು. ಮುಂದಿನ ಹತ್ತು ವ್ಯಾಖ್ಯೆಗಳು ನಿಂತಿರುವುದೇ ಆ ಪದದ ಮೇಲೆ.

ಒಂದು ಪಾಠವನ್ನು ಇಳಿಸುವಾಗ ನಿಜವಾದ ಕೆಲಸ ಇರುವುದು ಇಲ್ಲೇ. ಯಾವ ಪದ ಯಾವ ಪದದ ಮೇಲೆ ನಿಂತಿದೆ ಎಂದು ಕಂಡುಹಿಡಿಯಬೇಕು. ಅದು ಸಿಕ್ಕರೆ ಏನು ಬಿಡಬಹುದು, ಯಾವುದನ್ನು ಮೊದಲು ಬರೆಯಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಆ ಭಾನುವಾರ ನಾವಿಬ್ಬರೂ ಕೂತು ಅದೇ ಪಾಠವನ್ನು 3 ಪುಟಕ್ಕೆ ತಂದೆವು. ಅದನ್ನು ಹೇಗೆ ಮಾಡಿದೆವು ಎಂದು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲ ಸಲ ಪೆನ್ನು ಬೇಡ

ಮೊದಲ ಓದಿನಲ್ಲೇ ಗೆರೆ ಎಳೆಯಲು ಹೊರಟರೆ ಎಲ್ಲವೂ ಮುಖ್ಯ ಅನಿಸುತ್ತದೆ. ಮುಂದೆ ಏನು ಬರಲಿದೆ ಎಂದು ಗೊತ್ತಿಲ್ಲದಾಗ ಯಾವುದು ಮುಖ್ಯ ಎಂದು ಹೇಳುವುದಾದರೂ ಹೇಗೆ? ಅದಕ್ಕೇ ಪೆನ್ನು, ಹೈಲೈಟರ್ ಎರಡನ್ನೂ ದೂರ ಇಟ್ಟೆವು. ಮೊದಲು ತಲೆಬರಹಗಳನ್ನು ಮಾತ್ರ ಓದಿದೆವು. ಆಮೇಲೆ ಪಾಠದ ಕೊನೆಯ ಪ್ರಶ್ನೆಗಳಿಗೆ ಹೋದೆವು. ಪಾಠ ಓದಿದವರಿಗೆ ಏನು ಬರಬೇಕು ಎಂದು ಪುಸ್ತಕ ಬರೆದವರು ಅಂದುಕೊಂಡಿದ್ದಾರೋ, ಅದು ಆ ಪ್ರಶ್ನೆಗಳಲ್ಲಿ ಇರುತ್ತದೆ. ಕೊನೆಗೆ ಪೂರ್ತಿ ಪಾಠವನ್ನು ಒಂದು ಸಲ ಎಲ್ಲೂ ನಿಲ್ಲದೆ ಓದಿದೆವು. ಅರ್ಥವಾಗದ ಜಾಗ ಬಂದರೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ, ಅಷ್ಟೇ.

ಓದಿದ ಮೇಲೆ ಪುಸ್ತಕ ಮುಚ್ಚಿ, ಇಡೀ ಪಾಠ ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದೆ ಎಂದು ಒಂದೇ ವಾಕ್ಯದಲ್ಲಿ ಬರೆಯಲು ತಂಗಿಗೆ ಹೇಳಿದೆ. ಮೊದಲ ಸಲ "ಇದು ವಿದ್ಯುತ್ ಬಗ್ಗೆ" ಎಂದು ಬರೆದಳು. ಅದು ಪಾಠದ ಹೆಸರು, ಪ್ರಶ್ನೆ ಅಲ್ಲ. ಮೂರನೇ ಸಲಕ್ಕೆ ಸರಿಯಾಗಿ ಬಂತು: "ತಂತಿಯಲ್ಲಿ ವಿದ್ಯುತ್ ಹರಿಯುವುದು ಯಾಕೆ, ಎಷ್ಟು ಹರಿಯುತ್ತದೆ ಎಂಬುದು ಯಾವುದರ ಮೇಲೆ ನಿಂತಿದೆ, ಹರಿದಾಗ ಏನಾಗುತ್ತದೆ?" ಇದನ್ನು ಮೊದಲ ಪುಟದ ತಲೆಯ ಮೇಲೆ ಬರೆದೆವು. ಈ ಪ್ರಶ್ನೆಯ ಮೂರು ತುಂಡುಗಳಲ್ಲಿ ಒಂದಕ್ಕೂ ಸಂಬಂಧವಿಲ್ಲದ ವಿಷಯ ಬಂದರೆ ಅದಕ್ಕೆ ನೋಟ್ಸ್‌ನಲ್ಲಿ ಜಾಗ ಇಲ್ಲ.

34 ಪದಗಳು 11 ಆದದ್ದು

ಎರಡನೇ ಓದಿನಲ್ಲಿ ಪದಗಳನ್ನು ಹೆಕ್ಕಿದೆವು. ದಪ್ಪ ಅಕ್ಷರದಲ್ಲಿದ್ದವು, ವ್ಯಾಖ್ಯೆ ಇದ್ದವು, ಏಕಮಾನ ಇದ್ದವು, ಎಲ್ಲವನ್ನೂ ಒಂದು ಹಾಳೆಯಲ್ಲಿ ಸುಮ್ನೆ ಪಟ್ಟಿ ಮಾಡಿದಾಗ 34 ಆದವು. ಆವೇಶ, ವಿದ್ಯುತ್ ಪ್ರವಾಹ, ಆಮ್ಮೀಟರ್, ಬ್ಯಾಟರಿ, ವಿಭವಾಂತರ, ರೋಧ, ಕೂಲಮ್, ಓಮ್, ಫ್ಯೂಸ್, ನೈಕ್ರೋಮ್, ಹೀಗೆ.

ನಂತರ ಪ್ರತಿಯೊಂದು ಪದಕ್ಕೂ ಒಂದೇ ಪ್ರಶ್ನೆ ಕೇಳಿದೆವು: ಈ ಪದವನ್ನು ಪಾಠದಿಂದ ತೆಗೆದರೆ ಮುಂದಿನ ಯಾವುದಾದರೂ ವಿಷಯ ಅರ್ಥವಾಗದೆ ಹೋಗುತ್ತದೆಯೇ? ಹೋಗುತ್ತದೆ ಎಂದರೆ ಅದು ಮುಖ್ಯ ಪದ. ಇಲ್ಲ ಎಂದರೆ ಅದು ಇನ್ನೊಂದು ಪದದ ಮನೆಯಲ್ಲಿರುವ ಮಗು. ಅದನ್ನು ಬಿಸಾಡುವುದಲ್ಲ, ಅದರ ಮನೆಗೆ ಸೇರಿಸುವುದು. ಆಮ್ಮೀಟರ್ ಪ್ರವಾಹದ ಕೆಳಗೆ ಹೋಯಿತು. ವೋಲ್ಟ್‌ಮೀಟರ್ ವಿಭವಾಂತರದ ಕೆಳಗೆ. ಫ್ಯೂಸ್ ಮತ್ತು ಬಲ್ಬಿನ ತಂತಿ ಉಷ್ಣದ ಕೆಳಗೆ. ನೈಕ್ರೋಮ್ ರೋಧಶೀಲತೆಯ ಕೆಳಗೆ ಒಂದು ಉದಾಹರಣೆಯಾಗಿ ಉಳಿಯಿತು.

ಹಿಂದಿನ ಪಾಠಗಳಿಂದ ಬಂದ ಪದಗಳೂ ಇದ್ದವು. ಕೆಲಸ, ಶಕ್ತಿ, ಜೂಲ್ ಇವನ್ನು ಈ ಪಾಠ ವಿವರಿಸುವುದಿಲ್ಲ, ಗೊತ್ತಿದೆ ಎಂದುಕೊಂಡು ಬಳಸುತ್ತದೆ. ಇವುಗಳಿಗೆ ಪುಟದ ಮೇಲೆ ಒಂದು ಸಣ್ಣ ಚೌಕ ಮಾಡಿ "ಮೊದಲೇ ಗೊತ್ತಿರಬೇಕಾದವು" ಎಂದು ಬರೆದೆವು. ಈ ಚೌಕ ಬಹಳ ಉಪಕಾರಿ. ಪಾಠ ಅರ್ಥವಾಗದಿದ್ದಾಗ ಎಷ್ಟೋ ಸಲ ತೊಡಕು ಈ ಪಾಠದ್ದಾಗಿರುವುದಿಲ್ಲ, ಚೌಕದೊಳಗಿನ ಪದದ್ದಾಗಿರುತ್ತದೆ.

ಕೊನೆಗೆ ಉಳಿದವು 11: ಆವೇಶ, ವಿದ್ಯುತ್ ಪ್ರವಾಹ, ವಿಭವಾಂತರ, ಓಮ್‌ನ ನಿಯಮ, ರೋಧ, ರೋಧಶೀಲತೆ, ಸರಣಿ ಜೋಡಣೆ, ಸಮಾಂತರ ಜೋಡಣೆ, ಜೂಲ್‌ನ ಉಷ್ಣ ನಿಯಮ, ವಿದ್ಯುತ್ ಸಾಮರ್ಥ್ಯ, ಕಿಲೋವ್ಯಾಟ್ ಗಂಟೆ.

ವ್ಯಾಖ್ಯೆಯನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಕೈ ಹಾಕಬಾರದು

ನೋಟ್ಸ್ ಕೆಡುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ವಿಭವಾಂತರದ ಬಗ್ಗೆ ಒಂದು ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವಂಥ ಪ್ಯಾರಾ ಹೀಗಿರುತ್ತದೆ ಎಂದುಕೊಳ್ಳಿ:

"ತಂತಿಯಲ್ಲಿ ಆವೇಶಗಳು ತಾವಾಗಿಯೇ ಹರಿಯುವುದಿಲ್ಲ. ಅಡ್ಡಡ್ಡ ಮಲಗಿಸಿದ ಕೊಳವೆಯ ಎರಡೂ ತುದಿಗಳಲ್ಲಿ ಒತ್ತಡ ಒಂದೇ ಇದ್ದರೆ ನೀರು ಹರಿಯದು. ಒಂದು ತುದಿಯನ್ನು ಎತ್ತರದ ತೊಟ್ಟಿಗೆ ಜೋಡಿಸಿದರೆ ಹರಿಯುತ್ತದೆ. ಹಾಗೆಯೇ ತಂತಿಯ ಎರಡು ತುದಿಗಳ ನಡುವೆ ವಿದ್ಯುತ್ ವಿಭವದ ವ್ಯತ್ಯಾಸ ಇರಬೇಕು. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಈ ವ್ಯತ್ಯಾಸವನ್ನು ಉಂಟುಮಾಡುತ್ತದೆ. ಮಂಡಲದ ಎರಡು ಬಿಂದುಗಳ ನಡುವೆ ಏಕಮಾನ ಆವೇಶವನ್ನು ಸಾಗಿಸಲು ಮಾಡುವ ಕೆಲಸವನ್ನು ಆ ಬಿಂದುಗಳ ನಡುವಿನ ವಿಭವಾಂತರ ಎನ್ನುತ್ತೇವೆ. ಇದರ ಏಕಮಾನ ವೋಲ್ಟ್. ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೋ ವೋಲ್ಟಾ ಅವರ ಹೆಸರನ್ನು ಇದಕ್ಕೆ ಇಡಲಾಗಿದೆ. ಇದನ್ನು ಅಳೆಯಲು ವೋಲ್ಟ್‌ಮೀಟರನ್ನು ಸಮಾಂತರವಾಗಿ ಜೋಡಿಸಬೇಕು."

ನೀರಿನ ಹೋಲಿಕೆ ಅರ್ಥ ಮಾಡಿಕೊಳ್ಳಲು ಬೇಕು. ಒಮ್ಮೆ ಅರ್ಥವಾದ ಮೇಲೆ "ನೀರಿನ ತೊಟ್ಟಿ" ಎಂಬ ಎರಡು ಪದ ಸಾಕು, ಉಳಿದದ್ದು ನೆನಪಿಗೆ ಬರುತ್ತದೆ. ವೋಲ್ಟಾ ಅವರ ಹೆಸರನ್ನು ವೋಲ್ಟ್ ಎಂಬ ಪದವೇ ನೆನಪಿಸುತ್ತದೆ. ಹೀಗೆ ಕತ್ತರಿಸಿದ ಮೇಲೆ ನೋಟ್ಸ್‌ನಲ್ಲಿ ಉಳಿದದ್ದು ಇಷ್ಟು:

ವಿಭವಾಂತರ: ಮಂಡಲದ ಎರಡು ಬಿಂದುಗಳ ನಡುವೆ ಪ್ರತಿ ಕೂಲಮ್ ಆವೇಶ ಸಾಗಿಸಲು ಆಗುವ ಕೆಲಸ.
V = W/Q
1 ವೋಲ್ಟ್ = 1 ಜೂಲ್ / 1 ಕೂಲಮ್
ವೋಲ್ಟ್‌ಮೀಟರ್, ಸಮಾಂತರ. (ನೀರಿನ ತೊಟ್ಟಿ)

ತಂಗಿ ಇನ್ನೂ ಚಿಕ್ಕದು ಮಾಡಲು ಹೋಗಿ "ಮಂಡಲದ ಎರಡು ಬಿಂದುಗಳ ನಡುವೆ ಆವೇಶ ಸಾಗಿಸಲು ಆಗುವ ಕೆಲಸ" ಎಂದು ಬರೆದಳು. ಎರಡೇ ಪದ ಹೋದವು, ಆದರೆ ವ್ಯಾಖ್ಯೆಯೇ ತಪ್ಪಾಯಿತು. ಬರೀ ಕೆಲಸ ಎಂದರೆ ಅದು ಜೂಲ್‌ನಲ್ಲಿ ಅಳೆಯುವ ಬೇರೊಂದು ವಸ್ತು. 12 ವೋಲ್ಟ್ ಬ್ಯಾಟರಿ 1 ಕೂಲಮ್ ಸಾಗಿಸಿದರೆ 12 ಜೂಲ್ ಕೆಲಸ, 10 ಕೂಲಮ್ ಸಾಗಿಸಿದರೆ 120 ಜೂಲ್. ಕೆಲಸ ಬದಲಾಯಿತು, ವಿಭವಾಂತರ 12ರಲ್ಲೇ ನಿಂತಿತು. "ಪ್ರತಿ ಕೂಲಮ್" ಎಂಬ ಮಾತೇ ಈ ಎರಡನ್ನು ಬೇರೆ ಮಾಡುವುದು.

ಪ್ರವಾಹಕ್ಕೂ ಇದೇ ಮಾತು. "ಆವೇಶದ ಹರಿವು" ಎಂದರೆ ಸಾಲದು. ಒಂದು ಸೆಕೆಂಡಿನಲ್ಲಿ ವಾಹಕದ ಅಡ್ಡಕೊಯ್ತದ ಮೂಲಕ ಎಷ್ಟು ಆವೇಶ ದಾಟುತ್ತದೆ ಎಂಬುದೇ ಪ್ರವಾಹ, I = Q/t. "ಒಂದು ಸೆಕೆಂಡಿನಲ್ಲಿ" ಹೋದರೆ ಭಾಗಾಕಾರವೇ ಮಾಯವಾಗುತ್ತದೆ.

ಹೀಗೆ ಮುಟ್ಟಬಾರದ ಇನ್ನೊಂದು ಜಾತಿಯ ಮಾತಿದೆ, ಅದು ಷರತ್ತು. ಓಮ್‌ನ ನಿಯಮವನ್ನು "ಪ್ರವಾಹವು ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ" ಎಂದು ಬಹಳ ಜನ ಬರೆದುಕೊಳ್ಳುತ್ತಾರೆ. ಪುಸ್ತಕದಲ್ಲಿ "ತಾಪ ಬದಲಾಗದಿದ್ದರೆ" ಎಂದೂ ಇರುತ್ತದೆ. ಚಿಕ್ಕ ಮಾತು, ಗೆರೆ ಎಳೆಯುವಾಗ ತಪ್ಪಿಹೋಗುತ್ತದೆ. ಅದಿಲ್ಲದಿದ್ದರೆ ಉರಿಯುವ ಬಲ್ಬಿನ ತಂತಿ ಈ ನಿಯಮದಂತೆ ಯಾಕೆ ನಡೆಯುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಹೊಳೆಯುವುದಿಲ್ಲ. ತಂತಿ ಕಾದಂತೆ ಅದರ ರೋಧ ಏರುತ್ತದೆ, ಷರತ್ತು ಮುರಿಯುತ್ತದೆ. ಉತ್ತರ ಇರುವುದು ಆ ಚಿಕ್ಕ ಮಾತಿನಲ್ಲೇ.

ನಾನು ಒಂದು ವ್ಯಾಖ್ಯೆಯನ್ನು ಇಳಿಸಿದ ಮೇಲೆ ಹೀಗೆ ನೋಡುತ್ತೇನೆ: ಇದು ಎಂಥ ವಸ್ತು ಎಂದು ಹೇಳಿದೆಯೇ? ಪಕ್ಕದ ಪದದಿಂದ ಇದನ್ನು ಬೇರೆ ಮಾಡುವ ಮಾತು ಉಳಿದಿದೆಯೇ? ಷರತ್ತು ಇದ್ದರೆ ಅದು ಉಳಿದಿದೆಯೇ? ಎಡಗಡೆಯ ಪದವನ್ನು ಮುಚ್ಚಿ ವ್ಯಾಖ್ಯೆಯನ್ನು ಮಾತ್ರ ಬೇರೆಯವರಿಗೆ ಓದಿ ಹೇಳುವುದೂ ಒಳ್ಳೆಯ ಪರೀಕ್ಷೆ. ಅವರು ಬೇರೆ ಪದ ಹೇಳಿದರೆ ನಾವು ಜಾಸ್ತಿ ಕತ್ತರಿಸಿದ್ದೇವೆ ಎಂದರ್ಥ. "ವಿದ್ಯುತ್ ಹರಿವಿಗೆ ಅಡ್ಡಿ" ಎಂದು ಓದಿದರೆ ರೋಧ ಅನ್ನಬಹುದು, ರೋಧಶೀಲತೆ ಅನ್ನಬಹುದು, ಅವಾಹಕ ಎಂದೂ ಅನ್ನಬಹುದು. ಮೂರಕ್ಕೆ ಹೊಂದುವ ಮಾತು ಒಂದಕ್ಕೂ ವ್ಯಾಖ್ಯೆ ಆಗುವುದಿಲ್ಲ, ಅಲ್ವಾ?

ಕ್ರಮ ಹುಟ್ಟುವುದು ಬಾಣಗಳಿಂದ

ಈಗ 11 ಪದಗಳನ್ನು 11 ಚಿಕ್ಕ ಚೀಟಿಗಳಲ್ಲಿ ಬರೆದೆವು, ಪ್ರತಿ ಚೀಟಿಯಲ್ಲಿ ಪದ ಮತ್ತು ಇಳಿಸಿದ ವ್ಯಾಖ್ಯೆ. ಅವನ್ನು ನೆಲದ ಮೇಲೆ ಹರಡಿಕೊಂಡೆವು. ಒಂದು ಚೀಟಿ ಎತ್ತಿ ಅದರ ವ್ಯಾಖ್ಯೆ ಓದುವುದು, ಅದರೊಳಗೆ ಬೇರೆ ಚೀಟಿಯ ಪದ ಇದೆಯೇ ಎಂದು ಹುಡುಕುವುದು. ಇದ್ದರೆ ಆ ಚೀಟಿ ಇದಕ್ಕಿಂತ ಮೊದಲು ಬರಬೇಕು.

ಆವೇಶದ ವ್ಯಾಖ್ಯೆಯಲ್ಲಿ ಬೇರೆ ಯಾವ ಚೀಟಿಯ ಪದವೂ ಇಲ್ಲ. ಆದ್ದರಿಂದ ಅದೇ ಮೊದಲು. ಪ್ರವಾಹದಲ್ಲಿ ಆವೇಶ ಇದೆ, ವಿಭವಾಂತರದಲ್ಲೂ ಆವೇಶ ಇದೆ. ಹಾಗಾಗಿ ಎರಡೂ ಅದರ ಕೆಳಗೆ ಅಕ್ಕಪಕ್ಕ ಕೂತವು. ಓಮ್‌ನ ನಿಯಮಕ್ಕೆ ಪ್ರವಾಹವೂ ಬೇಕು, ವಿಭವಾಂತರವೂ ಬೇಕು. ಅದು ಎರಡರಿಂದಲೂ ಇಳಿದು ಬಂದ ಬಾಣಗಳು ಸೇರುವ ಜಾಗ. ರೋಧ ಎಂದರೆ V ಮತ್ತು I ಇವುಗಳ ಅನುಪಾತ, R = V/I. ರೋಧದಿಂದ ಒಂದು ಬಾಣ ರೋಧಶೀಲತೆಗೆ, ಇನ್ನೊಂದು ಎರಡು ಬಗೆಯ ಜೋಡಣೆಗಳಿಗೆ, ಮತ್ತೊಂದು ಉಷ್ಣ ನಿಯಮಕ್ಕೆ. ಉಷ್ಣದ ಪಕ್ಕದಲ್ಲೇ ಸಾಮರ್ಥ್ಯ, ಅದರ ಕೆಳಗೆ ಕಿಲೋವ್ಯಾಟ್ ಗಂಟೆ.

ತಂಗಿ ಚೀಟಿಗಳನ್ನು ನೋಡುತ್ತಾ, "ಅಂದ್ರೆ ಪಾಠದಲ್ಲಿ ಇರೋದು ಮೂರೇ ಭಾಗ" ಅಂದಳು. ಮೊದಲು ಬರೆದಿದ್ದ ಪ್ರಶ್ನೆಯ ಮೂರು ತುಂಡುಗಳೇ ಅವು. ಹರಿಯುವುದು ಯಾಕೆ: ಆವೇಶ, ಪ್ರವಾಹ, ವಿಭವಾಂತರ. ಎಷ್ಟು ಹರಿಯುತ್ತದೆ: ಓಮ್‌ನ ನಿಯಮ, ರೋಧ, ರೋಧಶೀಲತೆ, ಜೋಡಣೆಗಳು. ಹರಿದಾಗ ಏನಾಗುತ್ತದೆ: ಉಷ್ಣ, ಸಾಮರ್ಥ್ಯ, ಕಿಲೋವ್ಯಾಟ್ ಗಂಟೆ. ಒಂದೊಂದಕ್ಕೆ ಒಂದು ಪುಟ. 3 ಪುಟ ಎಂಬ ಅಳತೆ ಬಂದದ್ದು ಹೀಗೆ, ನಾವು ಮೊದಲೇ ಗೊತ್ತುಮಾಡಿದ್ದಲ್ಲ.

ಪುಸ್ತಕದ ಕ್ರಮವನ್ನೇ ಇಟ್ಟುಕೊಂಡರೆ ಏನಾಗುತ್ತದೆ? ಪುಸ್ತಕ ಮೊದಲ ಸಲ ಓದುವವರಿಗಾಗಿ ಬರೆದದ್ದು. ಅದು ಮಧ್ಯದಲ್ಲಿ ನಿಂತು ಮಂಡಲದ ಚಿಹ್ನೆಗಳ ಪಟ್ಟಿ ಕೊಡುತ್ತದೆ, ಪ್ರಯೋಗ ಮಾಡಿಸುತ್ತದೆ, ಆಮೇಲೆ ನಿಯಮ ಹೇಳುತ್ತದೆ. ಅದು ಸರಿಯೇ. ಆದರೆ ಪುನರಾವರ್ತನೆಗೆ ಕೂತವರಿಗೆ ಪ್ರಯೋಗದ ಆರು ಹೆಜ್ಜೆಗಳು ಬೇಡ. ತಂತಿಯ ಉದ್ದ ಎರಡು ಪಟ್ಟಾದಾಗ ಆಮ್ಮೀಟರ್ ಅರ್ಧ ತೋರಿಸಿತು ಎಂಬ ಫಲಿತಾಂಶ ಸಾಕು. ಚಿಹ್ನೆಗಳನ್ನು ನಾವು ಒಂದೇ ಚಿತ್ರದಲ್ಲಿ ಹಾಕಿದೆವು: ಬ್ಯಾಟರಿ, ಸ್ವಿಚ್, ರೋಧಕ, ಅದರ ಜೊತೆ ಸರಣಿಯಲ್ಲಿ ಆಮ್ಮೀಟರ್, ರೋಧಕಕ್ಕೆ ಸಮಾಂತರವಾಗಿ ವೋಲ್ಟ್‌ಮೀಟರ್. ಪಟ್ಟಿಯ ಅರ್ಧ ಪುಟ ಉಳಿಯಿತು.

ಕಲಸಿಹೋಗುವ ಪದಗಳನ್ನು ಅಕ್ಕಪಕ್ಕ ಇಡುವುದು ಇನ್ನೊಂದು ಮುಖ್ಯ ಬದಲಾವಣೆ. ರೋಧ ಮತ್ತು ರೋಧಶೀಲತೆ ಪುಸ್ತಕದಲ್ಲಿ ಎರಡು ಪುಟ ದೂರ ಇದ್ದವು. ನೋಟ್ಸ್‌ನಲ್ಲಿ ಒಂದೇ ಸಾಲಿಗೆ ಬಂದವು. ರೋಧ ಈ ಒಂದು ತಂತಿಯದ್ದು, ತಂತಿ ಉದ್ದವಾದರೆ ಹೆಚ್ಚುತ್ತದೆ, ದಪ್ಪವಾದರೆ ಕಡಿಮೆಯಾಗುತ್ತದೆ. ರೋಧಶೀಲತೆ ತಂತಿ ಮಾಡಿದ ವಸ್ತುವಿನದ್ದು, ಉದ್ದ ದಪ್ಪ ಬದಲಾದರೂ ಅದು ಬದಲಾಗದು. ಎರಡರ ಸಂಬಂಧ R = ρl/A. ಏಕಮಾನ ಒಂದಕ್ಕೆ ಓಮ್, ಇನ್ನೊಂದಕ್ಕೆ ಓಮ್ ಮೀಟರ್. ಹೀಗೆ ಒಟ್ಟಿಗೆ ಇಟ್ಟರೆ ಒಂದನ್ನು ಓದುವಾಗ ಇನ್ನೊಂದು ಕಣ್ಣಿಗೆ ಬೀಳುತ್ತದೆ, ವ್ಯತ್ಯಾಸ ತಲೆಯಲ್ಲಿ ಕೂರುತ್ತದೆ.

ಸೂತ್ರ ಹುಟ್ಟುವ ದಾರಿಯನ್ನು ಪೂರ್ತಿ ಬರೆಯಬೇಕೇ?

ಬೇಡ. ಎಲ್ಲಿಂದ ಹೊರಡಬೇಕು ಎಂಬುದನ್ನು ಮಾತ್ರ ಬರೆಯಿರಿ. ಸರಣಿ ಜೋಡಣೆಯಲ್ಲಿ ಇರುವುದು ಒಂದೇ ದಾರಿ, ಆದ್ದರಿಂದ ಎಲ್ಲ ರೋಧಕಗಳಲ್ಲೂ ಪ್ರವಾಹ ಒಂದೇ, ವಿಭವಾಂತರ ಹಂಚಿಹೋಗುತ್ತದೆ: V = V₁ + V₂. ಸಮಾಂತರದಲ್ಲಿ ಎರಡೂ ರೋಧಕಗಳ ತುದಿಗಳು ಅವೇ ಎರಡು ಬಿಂದುಗಳಿಗೆ ಸೇರುತ್ತವೆ, ಆದ್ದರಿಂದ ವಿಭವಾಂತರ ಒಂದೇ, ಪ್ರವಾಹ ಹಂಚಿಹೋಗುತ್ತದೆ: I = I₁ + I₂. ಇಲ್ಲಿಂದ ಮುಂದೆ ಓಮ್‌ನ ನಿಯಮ ಹಾಕಿದರೆ R = R₁ + R₂ ಮತ್ತು 1/R = 1/R₁ + 1/R₂ ತಾವಾಗಿ ಬರುತ್ತವೆ. ಪ್ರತಿ ಸಲ ಓದುವಾಗ ಆ ಮಧ್ಯದ ಸಾಲುಗಳನ್ನು ಕೈಯಿಂದ ಮಾಡಿ ನೋಡುವುದೇ ಪುನರಾವರ್ತನೆ. ಅದನ್ನೂ ಬರೆದಿಟ್ಟರೆ ಕಣ್ಣು ಸುಮ್ಮನೆ ಸಾಲುಗಳ ಮೇಲೆ ಜಾರಿಹೋಗುತ್ತದೆ.

ಜೊತೆಗೆ ಒಂದು ಲೆಕ್ಕ ಇರಲಿ, ಚಿಕ್ಕ ಸಂಖ್ಯೆಗಳದ್ದು. 6 ಓಮ್ ಮತ್ತು 3 ಓಮ್ ಸರಣಿಯಲ್ಲಿ 9 ಓಮ್, ಸಮಾಂತರದಲ್ಲಿ 2 ಓಮ್. ಈ ಒಂದು ಲೆಕ್ಕದಲ್ಲೇ ಒಂದು ಪರೀಕ್ಷೆಯೂ ಅಡಗಿದೆ: ಸಮಾಂತರದ ಉತ್ತರ ಯಾವಾಗಲೂ ಅತಿ ಚಿಕ್ಕ ರೋಧಕ್ಕಿಂತ ಚಿಕ್ಕದು. ಇಲ್ಲಿ 4.5 ಬಂದರೆ ಖಂಡಿತ ತಪ್ಪು. ಇಂಥ ಒಂದು ಸಾಲು ಪರೀಕ್ಷೆಯಲ್ಲಿ ಲೆಕ್ಕ ತಾಳೆ ನೋಡಲು ಸಿಗುತ್ತದೆ.

ಎರಡು ಸೂತ್ರಗಳು ಜಗಳ ಆಡುವ ಜಾಗ

ಉಷ್ಣದ ಪುಟ ಬರೆಯುವಾಗ ತಂಗಿ ಗಕ್ಕನೆ ನಿಂತಳು. ಪಾಠದಲ್ಲಿ H = I²Rt ಎಂದಿದೆ. ರೋಧ ಹೆಚ್ಚಾದರೆ ಉಷ್ಣ ಹೆಚ್ಚು. ಮುಂದೆ ಅದೇ ನಿಯಮ H = V²t/R ಎಂದೂ ಇದೆ. ರೋಧ ಹೆಚ್ಚಾದರೆ ಉಷ್ಣ ಕಡಿಮೆ! "ಎರಡರಲ್ಲಿ ಯಾವ್ದು ಸರಿ ಅಕ್ಕಾ?"

ಎರಡೂ ಸರಿ. ಮೊದಲನೆಯದರಲ್ಲಿ ಪ್ರವಾಹ ಬದಲಾಗದೆ ಇದೆ ಎಂದುಕೊಂಡಾಗ ಮಾತ್ರ ರೋಧ ಹೆಚ್ಚಿದರೆ ಉಷ್ಣ ಹೆಚ್ಚು. ಎರಡನೆಯದರಲ್ಲಿ ವಿಭವಾಂತರ ಬದಲಾಗದೆ ಇದೆ ಎಂದುಕೊಂಡಾಗ ಮಾತ್ರ ರೋಧ ಹೆಚ್ಚಿದರೆ ಉಷ್ಣ ಕಡಿಮೆ. ಮೇಲಿನ 6 ಓಮ್, 3 ಓಮ್ ರೋಧಕಗಳನ್ನೇ ತೆಗೆದುಕೊಂಡು 18 ವೋಲ್ಟ್ ಬ್ಯಾಟರಿಗೆ ಜೋಡಿಸಿದೆವು, ಕಾಗದದ ಮೇಲೆ. ಸರಣಿಯಲ್ಲಿ ಒಟ್ಟು ರೋಧ 9, ಪ್ರವಾಹ 2 ಆಂಪಿಯರ್, ಎರಡರಲ್ಲೂ ಅದೇ. ಪ್ರತಿ ಸೆಕೆಂಡಿಗೆ 6 ಓಮ್‌ನಲ್ಲಿ 2 × 2 × 6 = 24 ಜೂಲ್, 3 ಓಮ್‌ನಲ್ಲಿ 12 ಜೂಲ್. ಹೆಚ್ಚು ಬಿಸಿಯಾದದ್ದು ದೊಡ್ಡ ರೋಧ. ಸಮಾಂತರದಲ್ಲಿ ಎರಡಕ್ಕೂ 18 ವೋಲ್ಟ್. 6 ಓಮ್‌ನಲ್ಲಿ 324/6 = 54 ಜೂಲ್, 3 ಓಮ್‌ನಲ್ಲಿ 108 ಜೂಲ್. ಈಗ ಚಿಕ್ಕ ರೋಧ ಹೆಚ್ಚು ಬಿಸಿ.

ನೋಟ್ಸ್‌ಗೆ ಹೋದದ್ದು ಒಂದೇ ಸಾಲು: "ಸರಣಿ: I ಒಂದೇ, ದೊಡ್ಡ R ಹೆಚ್ಚು ಬಿಸಿ. ಸಮಾಂತರ: V ಒಂದೇ, ಚಿಕ್ಕ R ಹೆಚ್ಚು ಬಿಸಿ." ಈ ಸಾಲು ಪುಸ್ತಕದಲ್ಲಿ ಎಲ್ಲೂ ಹೀಗೆ ಇರಲಿಲ್ಲ. ಪಾಠದ ಎರಡು ದೂರದ ಜಾಗಗಳನ್ನು ಒಟ್ಟಿಗೆ ತಂದಾಗ ಹುಟ್ಟಿದ್ದು. ಬರೀ ಸಾಲುಗಳನ್ನು ಕಡಿಮೆ ಮಾಡುತ್ತಾ ಹೋದರೆ ಇಂಥದ್ದು ಸಿಗುವುದಿಲ್ಲ. ಓದುವಾಗ "ಇದು ಅದಕ್ಕೆ ಹೊಂದುತ್ತಿಲ್ಲವಲ್ಲ" ಅನಿಸಿದ ಪ್ರತಿಯೊಂದು ಜಾಗವನ್ನೂ ಬಿಡದೆ ಬರೆದುಕೊಳ್ಳಿ. ಅವೇ ನೋಟ್ಸ್‌ನ ಬೆಲೆಬಾಳುವ ಸಾಲುಗಳು.

ಅದೇ ಪುಟದಲ್ಲಿ ಸಾಮರ್ಥ್ಯ ಮತ್ತು ಕಿಲೋವ್ಯಾಟ್ ಗಂಟೆ ಬೇಗ ಮುಗಿದವು. ಸಾಮರ್ಥ್ಯ ಒಂದು ಸೆಕೆಂಡಿಗೆ ಬಳಕೆಯಾದ ಶಕ್ತಿ, P = VI, ವ್ಯಾಟ್‌ನಲ್ಲಿ. ಕಿಲೋವ್ಯಾಟ್ ಗಂಟೆ ಸಾಮರ್ಥ್ಯದ ಏಕಮಾನ ಅಲ್ಲ, ಶಕ್ತಿಯ ಏಕಮಾನ, 36 ಲಕ್ಷ ಜೂಲ್. "ಅಲ್ಲ" ಎಂಬ ಪದವನ್ನು ತಂಗಿ ಕೆಂಪು ಬಣ್ಣದಲ್ಲಿ ಬರೆದಳು. 3 ಪುಟದಲ್ಲಿ ಕೆಂಪು ಬಳಸಿದ್ದು ನಾಲ್ಕೇ ಕಡೆ, ನಾಲ್ಕೂ ಇಂಥ ತಪ್ಪು ತಿಳಿವಳಿಕೆಯ ಜಾಗಗಳು.

ಪುಟವನ್ನು ಮಡಚುವಂತೆ ಬರೆಯಿರಿ

ಪುಟದ ಎಡಕ್ಕೆ ಕಾಲು ಭಾಗ ಬಿಟ್ಟು ಉದ್ದಕ್ಕೆ ಒಂದು ಗೆರೆ ಎಳೆದೆವು. ಬಲಕ್ಕೆ ಉತ್ತರ, ಎಡಕ್ಕೆ ಅದನ್ನು ಕೇಳುವ ಪ್ರಶ್ನೆ. ಇದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಅವರು ರೂಪಿಸಿದ ವಿಧಾನ, ಕಾರ್ನೆಲ್ ನೋಟ್ಸ್ ಎಂದೇ ಹೆಸರು. ಎಡಗಡೆ "ವಿಭವಾಂತರ" ಎಂದು ಬರೀ ಪದ ಬರೆಯುವುದಕ್ಕಿಂತ "12 V ಅಂದರೆ ಏನು 12?" ಎಂದು ಬರೆಯುವುದು ಒಳ್ಳೆಯದು. ಪದ ನೋಡಿದರೆ ಗೊತ್ತು ಅನಿಸಿಬಿಡುತ್ತದೆ. ಪ್ರಶ್ನೆ ನೋಡಿದರೆ ಉತ್ತರ ಹೇಳಲೇಬೇಕು.

ಈ ಗೆರೆಗೆ ಕಾರಣ ಇದೆ. 2013ರಲ್ಲಿ ಜಾನ್ ಡನ್ಲೋಸ್ಕಿ ಮತ್ತು ಅವರ ಜೊತೆಯ ಮನೋವಿಜ್ಞಾನಿಗಳು ಓದುವ 10 ವಿಧಾನಗಳ ಮೇಲೆ ಆಗಿದ್ದ ಸಂಶೋಧನೆಗಳನ್ನು ಒಟ್ಟಿಗೆ ಪರಿಶೀಲಿಸಿದರು. ತಮ್ಮನ್ನು ತಾವೇ ಪ್ರಶ್ನೆ ಕೇಳಿಕೊಳ್ಳುವುದು ಮತ್ತು ದಿನಗಳ ಅಂತರ ಕೊಟ್ಟು ಓದುವುದು ಹೆಚ್ಚು ಉಪಯುಕ್ತ ಎಂದರು. ಹೈಲೈಟ್ ಮಾಡುವುದು, ಮತ್ತೆ ಮತ್ತೆ ಓದುವುದು ಕೆಳಗಿನ ಸಾಲಿನಲ್ಲಿ ಬಂದವು. ಸಾರಾಂಶ ಬರೆಯುವುದೂ ಅದೇ ಸಾಲಿಗೆ ಬಂತು, ಯಾಕೆಂದರೆ ಚೆನ್ನಾಗಿ ಸಾರಾಂಶ ಬರೆಯಲು ಬರುವವರಿಗೆ ಅದರಿಂದ ಉಪಯೋಗ, ಎಷ್ಟೋ ಜನರಿಗೆ ಅದನ್ನು ಮೊದಲು ಕಲಿಸಬೇಕಾಗುತ್ತದೆ. ಅಂದರೆ ನೋಟ್ಸ್ ಬರೆದು ಮುಗಿಸಿದ ದಿನಕ್ಕೇ ಓದು ಮುಗಿಯಲಿಲ್ಲ. ಅದನ್ನು ಮಡಚಿ, ಎಡಗಡೆಯ ಪ್ರಶ್ನೆಗೆ ಉತ್ತರ ಹೇಳಿದ ದಿನದಿಂದ ಅದರ ಕೆಲಸ ಶುರು.

ತಪ್ಪಿದ್ದು ನೋಟ್ಸೋ, ನೆನಪೋ?

ಮಂಗಳವಾರ ತಂಗಿ ಬಲಭಾಗ ಮುಚ್ಚಿಕೊಂಡು ಎಲ್ಲ ಪ್ರಶ್ನೆಗಳಿಗೆ ಉತ್ತರ ಬರೆದಳು. 26 ಪ್ರಶ್ನೆಗಳಲ್ಲಿ 17 ಸರಿ. ತಪ್ಪಾದ 9ರಲ್ಲಿ 7ಕ್ಕೆ ಬಲಗಡೆ ಸರಿಯಾದ ಉತ್ತರ ಇತ್ತು, ನೆನಪಾಗಿರಲಿಲ್ಲ. ಅವಕ್ಕೆ ಚುಕ್ಕಿ ಹಾಕಿ ಎರಡು ದಿನ ಬಿಟ್ಟು ಮತ್ತೆ ನೋಡಿದಳು. ಉಳಿದ ಎರಡು ಬೇರೆ ಥರ. ಬಲಗಡೆ ಬರೆದದ್ದನ್ನು ನೋಡಿದರೂ ಅರ್ಥವಾಗಲಿಲ್ಲ. ಅದು ನೆನಪಿನ ತಪ್ಪಲ್ಲ, ನಾವು ಜಾಸ್ತಿ ಕತ್ತರಿಸಿದ್ದೆವು. ಪುಸ್ತಕ ತೆರೆದು ಒಂದೊಂದು ವಾಕ್ಯ ವಾಪಸ್ ಸೇರಿಸಿದೆವು.

ನಂತರ ಪಾಠದ ಕೊನೆಯ ಲೆಕ್ಕಗಳನ್ನು ನೋಟ್ಸ್ ಮಾತ್ರ ಎದುರಿಗಿಟ್ಟು ಮಾಡಲು ಕೂತಳು. ನಿಯಮ ಒಂದೇ: ಪುಸ್ತಕ ತೆರೆಯಬೇಕಾಗಿ ಬಂದರೆ ಯಾಕೆ ತೆರೆದೆ ಎಂದು ಒಂದು ಕಡೆ ಬರೆಯಬೇಕು. ಮೂರು ಸಲ ತೆರೆದಳು. ಒಂದು ಸಲ ತಂತಿಯ ವ್ಯಾಸ ಕೊಟ್ಟಿದ್ದರು, ವಿಸ್ತೀರ್ಣ ಹೇಗೆ ತೆಗೆಯುವುದು ಎಂದು ಗೊತ್ತಾಗಲಿಲ್ಲ. ಅದು "ಮೊದಲೇ ಗೊತ್ತಿರಬೇಕಾದವು" ಚೌಕಕ್ಕೆ ಹೋಯಿತು: A = πd²/4. ಇನ್ನೊಂದು ಸಲ ಮಿಲಿಮೀಟರನ್ನು ಮೀಟರಿಗೆ ಬದಲಾಯಿಸುವುದು ಮರೆತು ಉತ್ತರ ತಪ್ಪಿತು. R = ρl/A ಪಕ್ಕದಲ್ಲೇ "ಎಲ್ಲ ಮೀಟರಿನಲ್ಲಿ" ಎಂಬ ಮಾತು ಸೇರಿತು. ಮೂರನೆಯದಕ್ಕೆ ನೋಟ್ಸ್ ಏನೂ ಮಾಡಲಾರದು. ಐದು ರೋಧಕಗಳ ಸಿಕ್ಕುಸಿಕ್ಕಾದ ಜೋಡಣೆ ಅದು. ಯಾವುದು ಸರಣಿ, ಯಾವುದು ಸಮಾಂತರ ಎಂದು ಗುರುತಿಸುವುದು ಹತ್ತಾರು ಲೆಕ್ಕ ಮಾಡಿಯೇ ಬರಬೇಕು. ಲೆಕ್ಕದ ಪಾಠಗಳಲ್ಲಿ ನೋಟ್ಸ್‌ಗೆ ಇರುವ ಮಿತಿ ಇದು.

ಎಲ್ಲ ಪಾಠಕ್ಕೂ ಇದೇ ಬಾಣದ ಕ್ರಮ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಇತಿಹಾಸದ ಪಾಠದಲ್ಲಿ ಒಂದು ಘಟನೆಯ ವ್ಯಾಖ್ಯೆ ಇನ್ನೊಂದರ ಮೇಲೆ ನಿಂತಿರುವುದಿಲ್ಲ. ಅಲ್ಲಿ ಬಾಣ ಕಾರಣದಿಂದ ಪರಿಣಾಮಕ್ಕೆ ಹೋಗುತ್ತದೆ, ಇಸವಿಗಳು ಆ ಬಾಣದ ಮೇಲೆ ಕೂರುತ್ತವೆ. ರಕ್ತ ಪರಿಚಲನೆಯ ಪಾಠದಲ್ಲಿ ರಕ್ತ ಹೋಗುವ ದಾರಿಯೇ ಕ್ರಮ: ದೇಹದಿಂದ ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮತ್ತೆ ದೇಹ. ಕವಾಟಗಳ ಹೆಸರುಗಳನ್ನು ಆ ದಾರಿಯಲ್ಲಿ ಅವು ಸಿಗುವ ಜಾಗದಲ್ಲೇ ಬರೆದರೆ ಆಯಿತು. ಮುಖ್ಯ ಪದ ಹೆಕ್ಕುವುದು, ವ್ಯಾಖ್ಯೆ ಕತ್ತರಿಸುವುದು ಎಲ್ಲ ಕಡೆ ಒಂದೇ. ಬಾಣ ಯಾವ ಬಗೆಯದು ಎಂಬುದನ್ನು ಮಾತ್ರ ಪಾಠ ನೋಡಿ ಗೊತ್ತುಮಾಡಬೇಕು.

ಪರೀಕ್ಷೆಗೆ ಒಂದು ವಾರ ಇದ್ದಾಗ ತಂಗಿ 3 ಪುಟವನ್ನು ಮತ್ತೆ ಅರ್ಧ ಪುಟಕ್ಕೆ ಇಳಿಸಿದಳು. ಈ ಸಲ ಪುಸ್ತಕ, ನೋಟ್ಸ್ ಎರಡನ್ನೂ ಮುಚ್ಚಿಟ್ಟು ನೆನಪಿನಿಂದಲೇ ಬರೆದಳು. ನಡುವೆ 11 ಪದಗಳು, ಅವುಗಳ ನಡುವೆ ಬಾಣಗಳು, ಪ್ರತಿ ಬಾಣದ ಮೇಲೆ ಒಂದು ಸೂತ್ರ. ರೋಧದಿಂದ ಉಷ್ಣಕ್ಕೆ ಹೋಗುವ ಬಾಣದ ಹತ್ತಿರ ಅವಳು ಎರಡು ಸೂತ್ರಗಳನ್ನೂ ಬರೆದಿದ್ದಳು, ಒಂದರ ಕೆಳಗೆ "I ಒಂದೇ ಇದ್ದರೆ", ಇನ್ನೊಂದರ ಕೆಳಗೆ "V ಒಂದೇ ಇದ್ದರೆ". ಮೇಲ್ಗಡೆ, ಎಲ್ಲಕ್ಕಿಂತ ಮೊದಲು, ಆವೇಶ.